ಗುನುಗಿದ ಮಟ್ಟನ್ನು ಗುರುತಿಸುವ ಬೀದಿ ವಾದಕ: ಒಂದು ಸಣ್ಣಕಥೆಯ ಕರಡು, ಅದರ ಮೇಲಿನ ಚರ್ಚೆ

ಹೊಂಗೆನೆರಳು:
ಕೆಳಗಿನದು ನಾನು ಬರೆಯುತ್ತಿರುವ ಸಣ್ಣಕಥೆಯ ನಡುಭಾಗ. ಕಥೆಯ ಮುಖ್ಯ ತಿರುವು ಒಂದು ಸಂಗೀತದ ಗುರುತಿನ ಮೇಲೆ ನಿಂತಿದೆ. ಹಾಗಾಗಿ ಸಂಗೀತ ಬಲ್ಲವರು ಇದನ್ನು ಓದಿ, ಆ ಗುರುತು ನಂಬುವಂತಿದೆಯೇ ಎಂದು ತಿಳಿಸಬೇಕೆಂದು ಕೋರುತ್ತೇನೆ.

ಮೈಸೂರಿನ ಚಿಕ್ಕಗಡಿಯಾರದ ಬಳಿ, ದೇವರಾಜ ಮಾರುಕಟ್ಟೆಯ ಮುಚ್ಚಿದ ಅಂಗಡಿಯೊಂದರ ಜಗಲಿಯ ಮೇಲೆ ಕ್ಲಾರಿನೆಟ್ ವಾದಕರು ಕುಳಿತಿದ್ದರು. ಮದುವೆಯ ತಿಂಗಳುಗಳಲ್ಲಿ ಅವರು ಬ್ಯಾಂಡ್‌ಸೆಟ್ಟಿನೊಂದಿಗೆ ಊರೂರು ಸುತ್ತುತ್ತಿದ್ದರು. ಆಷಾಢದಲ್ಲಿ ಕೆಲಸವಿಲ್ಲದೆ ಇಲ್ಲಿ ಕೂರುತ್ತಿದ್ದರು. ಮಳೆ ಬಂದುದರಿಂದ ಅರವತ್ತರ ಆಸುಪಾಸಿನ ಹೆಂಗಸೊಬ್ಬರು ಅದೇ ಜಗಲಿಯನ್ನು ಹತ್ತಿ ನಿಂತರು. ಕೈಚೀಲವನ್ನು ಎದೆಗೆ ಅವುಚಿಕೊಂಡು ರಸ್ತೆಯನ್ನು ನೋಡುತ್ತಿದ್ದ ಅವರು ತಮಗೇ ಅರಿವಿಲ್ಲದೆ ಒಂದು ಮಟ್ಟನ್ನು ಗುನುಗತೊಡಗಿದರು. ವಾದಕರು ಬಾಯಿಗೆ ತಂದಿದ್ದ ಕ್ಲಾರಿನೆಟ್ಟನ್ನು ಇಳಿಸಿ ಕೇಳಿಸಿಕೊಂಡರು.

"ತಾಯಿ, ಇದನ್ನು ನೀವು ಯಾರಿಂದ ಕಲಿತಿರಿ?" ಎಂದು ಅವರು ಕೇಳಿದರು.

"ಕಲಿತದ್ದಲ್ಲ ಯಜಮಾನರೇ. ನಮ್ಮಜ್ಜಿ ನನ್ನನ್ನು ಮಲಗಿಸುವಾಗ ಗುನುಗುತ್ತಿದ್ದರು. ಇದಕ್ಕೆ ಮಾತಿಲ್ಲ. ಇದು ಇಂಗ್ಲೆಂಡಿನ ರಾಜನ ಹಾಡು ಎಂದು ನಮ್ಮ ತಾತ ಅದನ್ನು ಮನೆಯಲ್ಲಿ ನಿಲ್ಲಿಸಿಬಿಟ್ಟಿದ್ದರಂತೆ. ಅವರು 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹಕ್ಕೆ ಹೋಗಿದ್ದವರು. ಅಜ್ಜಿ ವೀಣೆಯಲ್ಲಿ ಇದನ್ನು ನುಡಿಸುತ್ತಿದ್ದರು. ತಾತ ಗದರಿಸಿದ ಮೇಲೆ ವೀಣೆಯ ಮೇಲೆ ಬಟ್ಟೆ ಹೊದಿಸಿಟ್ಟರಂತೆ."

"ನಿಮ್ಮ ಅಜ್ಜಿ ರಾಜನ ಹಾಡನ್ನು ನುಡಿಸಲಿಲ್ಲ ತಾಯಿ. ಇದು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ, 'ಸಂತತಂ ಪಾಹಿಮಾಂ'. ದೇವಿಯ ಸ್ತುತಿ." ಇಷ್ಟು ಹೇಳಿ ಅವರು ಮೊದಲ ಸಾಲನ್ನು ಮೆಲ್ಲಗೆ ಹಾಡಿ ತೋರಿಸಿದರು. ಪ್ರತಿಯೊಂದು ಅಕ್ಷರವೂ ಆಕೆ ಗುನುಗಿದ ಒಂದೊಂದು ಸ್ವರದ ಮೇಲೆ ಹೋಗಿ ಕುಳಿತಿತು.

ನನ್ನ ಪ್ರಶ್ನೆ ಇಷ್ಟೇ. ದೀಕ್ಷಿತರ ಈ ರಚನೆಯ ಮಟ್ಟೂ ಬ್ರಿಟಿಷ್ ರಾಷ್ಟ್ರಗೀತೆಯ ಮಟ್ಟೂ ಒಂದೇ. ಮಾತಿಲ್ಲದೆ ಗುನುಗಿದಾಗ, ಆಕೆಯ ಮನೆಗೆ ಅದು ಎರಡರಲ್ಲಿ ಯಾವುದರಿಂದ ಬಂದಿತು ಎಂಬುದನ್ನು ವಾದಕರು ಏನನ್ನು ಕೇಳಿ ಅಥವಾ ನೋಡಿ ನಿರ್ಧರಿಸಬಲ್ಲರು?

ರಾಗಮಾಲೆ_ಶಿವಮೊಗ್ಗ:
ಕಥೆ ಚೆನ್ನಾಗಿದೆ. ಇದರಲ್ಲಿ ಕಷ್ಟವೇನೂ ಕಾಣುವುದಿಲ್ಲ. ಮಟ್ಟು ಶಂಕರಾಭರಣದಲ್ಲಿದೆ, ಕರ್ನಾಟಕ ಸಂಗೀತ ಬಲ್ಲ ಯಾರೇ ಆದರೂ ನಾಲ್ಕು ಸ್ವರ ಕೇಳಿದ ಕೂಡಲೇ ಶಂಕರಾಭರಣವೆಂದು ಹೇಳಬಲ್ಲರು. ಅಷ್ಟಕ್ಕೂ ದೀಕ್ಷಿತರ ಮಟ್ಟನ್ನೇ ಆಂಗ್ಲರು ತೆಗೆದುಕೊಂಡು ಹೋಗಿ ತಮ್ಮ ಗೀತೆ ಮಾಡಿಕೊಂಡರು ಎಂದು ನಾನು ಕೇಳಿದ್ದೇನೆ. ಹಾಗಿದ್ದಲ್ಲಿ ವಾದಕರ ಮಾತು ಎರಡು ಪಟ್ಟು ಸರಿಯಾಗುತ್ತದೆ.

ವೀಣೆಯ ಮೇಷ್ಟ್ರು:
ರಾಗಮಾಲೆಯವರ ಎರಡನೆಯ ಮಾತನ್ನು ಮೊದಲು ಪರಿಶೀಲಿಸೋಣ, ಏಕೆಂದರೆ ಕಾಲವೇ ಅದನ್ನು ಒಪ್ಪುವುದಿಲ್ಲ. ಈ ಮಟ್ಟು ಲಂಡನ್ನಿನಲ್ಲಿ 1744ರ ಹೊತ್ತಿಗೆ ಅಚ್ಚಾಗಿತ್ತು, 1745ರಲ್ಲಿ ಅಲ್ಲಿನ ರಂಗಮಂದಿರಗಳಲ್ಲಿ ಹಾಡಲ್ಪಟ್ಟಿತು. ದೀಕ್ಷಿತರು ಹುಟ್ಟಿದ್ದು ಅದಾದ ಸುಮಾರು ಮೂವತ್ತು ವರ್ಷಗಳ ನಂತರ. ಅವರ ತಂದೆ ರಾಮಸ್ವಾಮಿ ದೀಕ್ಷಿತರಿಗೆ ಮದರಾಸಿನ ಬಳಿಯ ಮಣಲಿಯ ಮೊದಲಿಯಾರರ ಆಶ್ರಯವಿತ್ತು. ಆ ಆಶ್ರಯದಲ್ಲಿದ್ದಾಗ ಮನೆಯ ಹುಡುಗರು ಸೇಂಟ್ ಜಾರ್ಜ್ ಕೋಟೆಯ ಪಡೆಯ ಬ್ಯಾಂಡನ್ನು ಕೇಳುವಂತಾಯಿತು. ತಮ್ಮ ಬಾಲುಸ್ವಾಮಿ ಪಿಟೀಲನ್ನು ಕಲಿತರು. ಮುತ್ತುಸ್ವಾಮಿ ದೀಕ್ಷಿತರು ಆ ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿದರು. ಅಂಥವು ಸುಮಾರು ನಲವತ್ತು ಇವೆ.

ಮೊದಲನೆಯ ಮಾತು ಅರ್ಧ ಸರಿ. ಸ್ವರಸ್ಥಾನಗಳು ಶಂಕರಾಭರಣದವು ನಿಜ. ಆದರೆ ನೊಟ್ಟುಸ್ವರದಲ್ಲಿ ಗಮಕವಿಲ್ಲ. ಸ್ವರಗಳು ನೇರವಾಗಿ, ಅಲುಗದೆ ನಿಲ್ಲುತ್ತವೆ. ರಾಗವಾಗಿ ಶಂಕರಾಭರಣವನ್ನು ಗುರುತಿಸುವ ಕಿವಿ ಹುಡುಕುವ ಚಿಹ್ನೆಗಳು ಇಲ್ಲಿರುವುದಿಲ್ಲ. ವಾದಕರು ಗುರುತಿಸಬೇಕಾದದ್ದು ರಾಗವನ್ನಲ್ಲ, ಮಟ್ಟನ್ನು.

ಆ ಮಟ್ಟು ಕಿವಿಗೆ ಎಲ್ಲಿ ಖಚಿತವಾಗುತ್ತದೆ ಎಂಬುದನ್ನು ನಿಮ್ಮ ಕಥೆ ಬಳಸಿಕೊಳ್ಳಬಹುದು. ಮೊದಲ ಸಾಲು ಹೀಗಿದೆ: ಸ ಸ ರಿ, ನಿ ಸ ರಿ, ಗ ಗ ಮ, ಗ ರಿ ಸ, ರಿ ಸ ನಿ, ಸ. ಇದರಲ್ಲಿ ನಿಷಾದವು ಕೆಳಗಿನ ಸ್ಥಾಯಿಯದು. ಜಗಲಿಯ ಮೇಲೆ ನಿಂತ ಹೆಂಗಸಿಗೆ ತಂಬೂರಿಯ ಶ್ರುತಿಯಿಲ್ಲ. ಅವರು ತಮಗೆ ತೋಚಿದ ಎತ್ತರದಲ್ಲಿ ತೊಡಗುತ್ತಾರೆ. ಮೊದಲ ಆರು ಸ್ವರ ಕೇಳಿದಾಗ, ಹೊರಟ ಸ್ವರದ ಕೆಳಗೆ ಅರ್ಧ ಅಂತರ, ಮೇಲೆ ಪೂರ್ಣ ಅಂತರ ಇರುವುದಷ್ಟೇ ತಿಳಿಯುತ್ತದೆ. ಈ ಗುಣ ಶಂಕರಾಭರಣದಲ್ಲಿ ಷಡ್ಜಕ್ಕೂ ಇದೆ, ಶುದ್ಧ ಮಧ್ಯಮಕ್ಕೂ ಇದೆ. ಅಂದರೆ ಆಕೆ ಷಡ್ಜದಿಂದ ಹೊರಟರೋ ಮಧ್ಯಮದಿಂದಲೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಒಂಬತ್ತನೆಯ ಸ್ವರದಲ್ಲಿ ಅದು ತೀರ್ಮಾನವಾಗುತ್ತದೆ. ಮಧ್ಯಮದಿಂದ ಹೊರಟಿದ್ದರೆ ಅಲ್ಲಿ ಕಾಕಲಿ ನಿಷಾದ ಬಂದು ಸ್ವರ ಅರ್ಧ ಅಂತರ ಮೇಲಕ್ಕೆ ಹೋಗುತ್ತಿತ್ತು. ಹಾಗೆ ಹೋಗದೆ ಸ್ವರ ತಗ್ಗಿ ನಿಂತಾಗ, ಹೊರಟದ್ದು ಷಡ್ಜದಿಂದ ಎಂದು ಕ್ಲಾರಿನೆಟ್ ವಾದಕರ ಬೆರಳುಗಳಿಗೂ ಗೊತ್ತಾಗುತ್ತದೆ. ನಿಮ್ಮ ಕರಡಿನಲ್ಲಿ ಅವರು ಯಾವ ಕ್ಷಣದಲ್ಲಿ ಗುರುತಿಸಿದರು ಎಂಬುದೇ ಇಲ್ಲ. ವಾದ್ಯವನ್ನು ಇಳಿಸುವುದನ್ನು ಆ ಒಂಬತ್ತನೆಯ ಸ್ವರಕ್ಕೆ ತನ್ನಿ.

ಕಾವೇರಿತೀರ:
ನಮ್ಮ ತಾತನವರು ಅರಮನೆಯ ಊಳಿಗದಲ್ಲಿದ್ದರು. ದಸರಾ ದರ್ಬಾರಿನಲ್ಲಿ ಹಾಡುತ್ತಿದ್ದ "ಕಾಯೌ ಶ್ರೀಗೌರಿ"ಯನ್ನು ಅವರು ಕೊನೆಯವರೆಗೂ ನಿಂತೇ ಹಾಡುತ್ತಿದ್ದರು. ಬಸವಪ್ಪ ಶಾಸ್ತ್ರಿಗಳ ಆ ರಚನೆಯೂ ಇದೇ ಮಟ್ಟಿನದೇ? ಇದ್ದರೆ ಕಥೆಯ ಹೆಂಗಸು ಗುನುಗುವುದು ಮೈಸೂರು ಸಂಸ್ಥಾನದ ಗೀತೆಯೇ ಆಗಲಿ ಎಂದು ನನ್ನ ಆಸೆ.

ವೀಣೆಯ ಮೇಷ್ಟ್ರು:
ಕಾವೇರಿತೀರ ಅವರೇ, ಅದು ಈ ಮಟ್ಟಲ್ಲ. "ಕಾಯೌ ಶ್ರೀಗೌರಿ"ಯನ್ನೂ ಧೀರಶಂಕರಾಭರಣದಲ್ಲಿ ಹಾಡುತ್ತಾರಾದ್ದರಿಂದ ಎರಡನ್ನೂ ಕೇಳಿದವರಿಗೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಂತೆ ಅನ್ನಿಸಬಹುದು. ಸ್ವರಗಳ ನಡಿಗೆ ಬೇರೆಯೇ ಇದೆ.

ಹಲಸೂರು ಕೆರೆ:
ಕಾವೇರಿತೀರ ಅವರು ಎತ್ತಿದ ವಿಷಯ ಕಥೆಯ ಬೇರೊಂದು ಸಡಿಲ ಎಳೆಯನ್ನು ತೋರಿಸಿತು. ಮೈಸೂರು ಸಂಸ್ಥಾನಕ್ಕೆ ತನ್ನದೇ ಗೀತೆ ಇದ್ದಾಗ, ಮೈಸೂರು ನಗರದ ಬೀದಿಯ ಮನೆಯೊಂದರಲ್ಲಿ ವೀಣೆಯ ಮೇಲೆ ಬಂದ ಮಟ್ಟು ಇಂಗ್ಲೆಂಡಿನ ರಾಜನದು ಎಂದು ಅಜ್ಜಿಯ ಗಂಡನಿಗೆ ಹೇಗೆ ಗೊತ್ತಾಯಿತು? ಗೊತ್ತಾಗಬೇಕಾದರೆ ಅವರು ಅದನ್ನು ಬ್ಯಾಂಡಿನಲ್ಲಿ ಪದೇ ಪದೇ ಕೇಳಿರಬೇಕು. ಆ ಸಂಸಾರವನ್ನು ಬೆಂಗಳೂರಿನ ದಂಡು ಪ್ರದೇಶಕ್ಕೆ ಕಳುಹಿಸಿ. ದಂಡು 1947ರವರೆಗೆ ನೇರವಾಗಿ ಬ್ರಿಟಿಷರ ಆಡಳಿತದಲ್ಲಿತ್ತು. ಹಲಸೂರಿನಂಥ ಕಡೆ ವಾಸವಿದ್ದವರಿಗೆ ಸೇನೆಯ ಬ್ಯಾಂಡಿನ ಧ್ವನಿ ಅಪರಿಚಿತವಾಗಿರಲು ಸಾಧ್ಯವಿಲ್ಲ. ಶಿವಪುರಕ್ಕೆ ಹೋಗಿ ಬಂದ ಮನುಷ್ಯ, ಹೊರಗೆ ಪೆರೇಡಿನಲ್ಲಿ ಕೇಳಿದ ಅದೇ ಮಟ್ಟನ್ನು ತನ್ನ ನಡುಮನೆಯ ವೀಣೆಯಲ್ಲಿ ಕೇಳಿದಾಗ ಸಿಟ್ಟಾದುದಕ್ಕೆ ಆಗ ಬಲವಾದ ಕಾರಣವಿರುತ್ತದೆ. ಅಜ್ಜಿ ಮರುಮಾತನಾಡಲಿಲ್ಲವೇಕೆ ಎಂಬುದಕ್ಕೂ ಕಾರಣ ಕೊಡಬೇಕು. ಅವರಿಗೆ ಸಾಹಿತ್ಯ ಗೊತ್ತಿದ್ದರೆ "ಇದು ದೇವಿಯ ಹಾಡು" ಎಂದು ಒಂದೇ ಮಾತಿನಲ್ಲಿ ಜಗಳ ಮುಗಿಸುತ್ತಿದ್ದರು.

ಹೊಂಗೆನೆರಳು:
ಹಲಸೂರು ಕೆರೆ ಅವರೇ, ನಿಮ್ಮ ಸಲಹೆಯನ್ನು ಕೃತಜ್ಞತೆಯಿಂದ ಸ್ವೀಕರಿಸುತ್ತೇನೆ. ಅಜ್ಜಿಗೆ ಸಾಹಿತ್ಯ ಗೊತ್ತಿರಲಿಲ್ಲ ಎಂಬುದು ನನ್ನ ಮನಸ್ಸಿನಲ್ಲಿತ್ತು. ಅವರು ಮದುವೆಗೆ ಮುಂಚೆ ತವರಿನಲ್ಲಿ ಕೆಲವೇ ತಿಂಗಳು ವೀಣೆ ಕಲಿತವರು; ಮಕ್ಕಳ ಬೆರಳು ಪಳಗಲೆಂದು ಗುರುಗಳು ಸ್ವರವನ್ನಷ್ಟೇ ಹೇಳಿಕೊಟ್ಟಿದ್ದರು. ಇದು ಸಾಧ್ಯವೇ ಮೇಷ್ಟ್ರೇ?

ವೀಣೆಯ ಮೇಷ್ಟ್ರು:
ಸಾಧ್ಯ. ನಾನೂ ಹಾಗೆ ಹೇಳಿಕೊಟ್ಟಿದ್ದೇನೆ. ಒಂದು ಸ್ವರಕ್ಕೆ ಒಂದು ಮೀಟು, ತಂತಿಯನ್ನು ಎಳೆಯುವ ಕೆಲಸವಿಲ್ಲ. ಆದ್ದರಿಂದ ಹೊಸಬರ ಎಡಗೈಗೆ ಇದು ಸುಲಭ. ಇಡೀ ಮಟ್ಟು ಕೆಳಗಿನ ನಿಷಾದದಿಂದ ಮೇಲಿನ ಧೈವತದವರೆಗೆ, ಅಂದರೆ ಒಂದು ಸ್ಥಾಯಿಗಿಂತ ಕಡಿಮೆ ಹರವಿನಲ್ಲಿ ಮುಗಿಯುತ್ತದೆ. ಗುನುಗುವವರ ಗಂಟಲಿಗೂ ಇದರಿಂದ ಆಯಾಸವಿಲ್ಲ.

ಇನ್ನು ನಿಮ್ಮ ಮೂಲ ಪ್ರಶ್ನೆ. ಎರಡರ ಮಟ್ಟು ಒಂದೇ ಆಗಿರುವಾಗ, ಆಕೆಯ ಮನೆಗೆ ಅದು ಬಂದ ದಾರಿಯನ್ನು ಸ್ವರಗಳು ಹೇಳಲಾರವು. ಕೈ ಹೇಳಬಲ್ಲದು. ಈ ರಚನೆಯನ್ನು ತಿಶ್ರ ಏಕತಾಳದಲ್ಲಿ ಕಲಿಸುತ್ತೇವೆ: ಒಂದು ತಟ್ಟು, ಬಳಿಕ ಕಿರುಬೆರಳು, ಬಳಿಕ ಉಂಗುರಬೆರಳು, ಮತ್ತೆ ತಟ್ಟು. ಅಜ್ಜಿ ಮೊಮ್ಮಗಳ ಬೆನ್ನ ಮೇಲೆ ಹಾಗೆ ತಟ್ಟಿ ಮಲಗಿಸಿದ್ದರೆ, ಆ ಮೊಮ್ಮಗಳು ಅರವತ್ತರಲ್ಲೂ ಕೈಚೀಲದ ಮೇಲೆ ಅದೇ ಮೂರು ಎಣಿಕೆಯನ್ನು ಹಾಕುತ್ತಾಳೆ. ಬ್ಯಾಂಡಿನಿಂದ ಅಥವಾ ಸಭೆಯಲ್ಲಿ ಎದ್ದು ನಿಂತು ಕಲಿತವರಿಗೆ ಕಿರುಬೆರಳನ್ನು ಮಡಚಬೇಕೆಂಬುದು ಹೊಳೆಯುವುದೇ ಇಲ್ಲ. ವಾದಕರು ಮಟ್ಟನ್ನು ಕಿವಿಯಿಂದ ಗುರುತಿಸಲಿ, ಅದು ಬಂದ ದಾರಿಯನ್ನು ಆಕೆಯ ಬೆರಳುಗಳಿಂದ ಗುರುತಿಸಲಿ.

ಇನ್ನೊಂದು ಸಣ್ಣ ಸುಳಿವೂ ಇದೆ. ಇಂಗ್ಲಿಷಿನಲ್ಲಿ ಹಾಡುವವರು "ನಿ ಸ ರಿ" ಎಂಬಲ್ಲಿ ನಿಷಾದವನ್ನು ಒಂದೂವರೆ ಎಣಿಕೆ ಎಳೆದು, ಷಡ್ಜವನ್ನು ಅರ್ಧಕ್ಕೆ ಮುಗಿಸಿ, ರಿಷಭಕ್ಕೆ ಒಂದು ಎಣಿಕೆ ಕೊಡುತ್ತಾರೆ. ನನ್ನ ಬಳಿ ಕಲಿಯುವ ಮಕ್ಕಳಲ್ಲಿ ಹೆಚ್ಚಿನವರು ಮೂರಕ್ಕೂ ಒಂದೊಂದು ಎಣಿಕೆ ಕೊಟ್ಟುಬಿಡುತ್ತಾರೆ, ತಿದ್ದಿದರೂ ಮರುದಿನ ಹಾಗೆಯೇ ನುಡಿಸುತ್ತಾರೆ.

ನ್ಯೂಜೆರ್ಸಿ ಕನ್ನಡತಿ:
ಮೇಷ್ಟ್ರು ಹೇಳಿದ ಕೊನೆಯ ಸುಳಿವು ನಮ್ಮ ಮನೆಯಲ್ಲಿ ನಿತ್ಯದ ಮಾತಾಗಿದೆ. ಅಮೆರಿಕದಲ್ಲಿ ಇದೇ ಮಟ್ಟಿಗೆ 1831ರಲ್ಲಿ ಬರೆದ ದೇಶಭಕ್ತಿಗೀತೆಯೊಂದಿದೆ. ನನ್ನ ಮಗಳು ಅದನ್ನು ಶಾಲೆಯಲ್ಲಿ ಕಲಿತಳು. ಊರಿನಿಂದ ಬಂದಿದ್ದ ನಮ್ಮ ಅತ್ತೆಯವರು ಅದನ್ನು ಕೇಳಿ, "ಇದು ನಮ್ಮ ನೊಟ್ಟು" ಎಂದು ಸಂಸ್ಕೃತದ ಮಾತುಗಳನ್ನು ಸೇರಿಸಿ ಹಾಡಿದರು. ಇಬ್ಬರೂ ಕೂಡಿ ಹಾಡಲು ಹೊರಟಾಗಲೆಲ್ಲ "ಪಾಹಿಮಾಂ" ಎಂಬಲ್ಲಿ ಒಬ್ಬರನ್ನೊಬ್ಬರು ಎಡವುತ್ತಾರೆ. ಮಗಳು "ಪಾ"ವನ್ನು ಎಳೆಯುತ್ತಾಳೆ, ಅತ್ತೆಯವರು ಮೂರಕ್ಷರವನ್ನೂ ಸಮನಾಗಿ ಇಡುತ್ತಾರೆ. ಮುಂದಿನ "ಸಂಗೀತ"ದಲ್ಲಿ ಮತ್ತೆ ಒಂದಾಗುತ್ತಾರೆ.

ಸ್ವಿಟ್ಜರ್ಲೆಂಡಿನವರೂ 1961ರವರೆಗೆ ಇದೇ ಮಟ್ಟನ್ನು ತಮ್ಮ ರಾಷ್ಟ್ರಗೀತೆಗೆ ಬಳಸುತ್ತಿದ್ದರು; ಲಿಕ್ಟೆನ್‌ಸ್ಟೈನಿನವರು ಈಗಲೂ ಬಳಸುತ್ತಾರೆ. ಆದ್ದರಿಂದ ಇದನ್ನು ಒಬ್ಬ ರಾಜನ ಹಾಡು ಎಂದು ತಾತ ಸಿಟ್ಟಾದದ್ದಕ್ಕೆ ಅವರು ಬದುಕಿದ್ದ ಊರೇ ಕಾರಣ. ಆ ಮಾತನ್ನು ವಾದಕರಿಂದ ಹೇಳಿಸಬಹುದೇ?

ಹಲಸೂರು ಕೆರೆ:
ಬೇಡವೆಂದು ನನ್ನ ಅಭಿಪ್ರಾಯ. ಮಾರುಕಟ್ಟೆಯ ಜಗಲಿಯ ಮೇಲೆ ಕುಳಿತವರು ಲಿಕ್ಟೆನ್‌ಸ್ಟೈನಿನ ಹೆಸರೆತ್ತಿದ ಕೂಡಲೇ ಓದುಗರಿಗೆ ಕಥೆಗಾರರ ಧ್ವನಿ ಕೇಳಿಸುತ್ತದೆ. ಅದಕ್ಕಿಂತ, ಬ್ಯಾಂಡ್‌ಸೆಟ್ಟಿನಲ್ಲಿ ಸಿನಿಮಾ ಹಾಡು ನುಡಿಸುವವರಿಗೆ ನೊಟ್ಟುಸ್ವರ ಹೇಗೆ ಗೊತ್ತು ಎಂಬುದನ್ನು ಯಾರೂ ಕೇಳಲಿಲ್ಲವಲ್ಲ?

ವೀಣೆಯ ಮೇಷ್ಟ್ರು:
ಅದಕ್ಕೆ ಕ್ಲಾರಿನೆಟ್ಟಿನ ಇತಿಹಾಸವೇ ಸಹಾಯ ಮಾಡುತ್ತದೆ. ದಕ್ಷಿಣದಲ್ಲಿ ಈ ವಾದ್ಯ ಮದುವೆಯ ಬ್ಯಾಂಡಿಗೆ ಮಾತ್ರ ಸೀಮಿತವಾಗಿರಲಿಲ್ಲ. ನೃತ್ಯದ ಮೇಳದಲ್ಲಿಯೂ ಅದು ಬಹುಕಾಲ ನುಡಿದಿದೆ. ತಂಜಾವೂರಿನ ನಾಲ್ವರು ಸಹೋದರರು ದೀಕ್ಷಿತರ ಶಿಷ್ಯರು. ಅವರಲ್ಲಿ ಹಿರಿಯರಾದ ಚಿನ್ನಯ್ಯನವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದರು. ಈ ನೊಟ್ಟುಗಳು ಅವರ ಮೂಲಕವೇ ಮೈಸೂರಿಗೆ ಬಂದವು ಎಂದು ನಾನು ಹೇಳುತ್ತಿಲ್ಲ. ಕ್ಲಾರಿನೆಟ್ ವಾದಕರ ಮನೆತನವೊಂದು ಹಿಂದೆ ನೃತ್ಯಕ್ಕೆ ನುಡಿಸುತ್ತಿದ್ದು, ಅವರ ಅಜ್ಜ ಬಾಲಪಾಠವಾಗಿ ನೊಟ್ಟನ್ನು ಕಲಿಸಿದ್ದರು ಎಂದು ನೀವು ಒಂದು ವಾಕ್ಯ ಬರೆದರೆ ಮೈಸೂರಿನಲ್ಲಿ ಅದು ಅಸಹಜವಾಗಿ ಕಾಣುವುದಿಲ್ಲ ಎಂದಷ್ಟೇ ನನ್ನ ಮಾತು.

ಬ್ಯಾಂಡಿನ ಅನುಭವವೂ ಇಲ್ಲಿ ಕೆಲಸಕ್ಕೆ ಬರಲಿ. ನಾಲ್ಕು, ಎಂಟು ಎಂಬ ಕಟ್ಟಿನಲ್ಲಿ ನಡೆಯುವ ಹಾಡುಗಳನ್ನು ನುಡಿಸಿ ಅಭ್ಯಾಸವಾದವರಿಗೆ ಈ ಮಟ್ಟು ಒಂದು ಕಡೆ ಕಾಲೆಳೆಯುತ್ತದೆ. ಮೊದಲ ಭಾಗ ಆರು ಆವರ್ತಕ್ಕೆ ಮುಗಿದುಬಿಡುತ್ತದೆ, ಎರಡನೆಯ ಭಾಗ ಎಂಟು ಆವರ್ತ ನಡೆಯುತ್ತದೆ. ವಾದಕರು ಆಕೆಯೊಂದಿಗೆ ಕ್ಲಾರಿನೆಟ್ ಸೇರಿಸಿದರೆ, ಆರನೆಯ ಆವರ್ತದ ಷಡ್ಜವನ್ನು ಹಿಡಿದು ನಿಲ್ಲದೆ ನೇರವಾಗಿ ಪಂಚಮಕ್ಕೆ ಏರಬೇಕು. ಅಲ್ಲಿ ತಡೆದು ನಿಂತರೆ ಅವರಿಗೆ ಮಟ್ಟು ಗೊತ್ತಿಲ್ಲವೆಂದು ಅರ್ಥ. ಅವರು ತಡೆಯದೆ ಏರುವುದನ್ನು ಕೇಳಿಯೇ ಆಕೆ ಬೆರಗಾಗಲಿ. ಆಗ ಅವರ ತಿಳಿವಳಿಕೆಗೆ ಬೇರೆ ಪ್ರಮಾಣ ಬೇಕಾಗುವುದಿಲ್ಲ.

ಸಂದೇಹಿ:
ಇಷ್ಟು ಹೊತ್ತು ಓದುತ್ತಾ ಬಂದೆ. ಬೆರಳೆಣಿಕೆಯ ಸುಳಿವು ಸೊಗಸಾಗಿದೆ, ಆದರೆ ಅದು ಸಾಧಿಸುವುದು ನೀವು ತಿಳಿದಷ್ಟನ್ನಲ್ಲ. ಕರ್ನಾಟಕ ಸಂಗೀತ ಕಲಿತ ಹೆಂಗಸು ಪೆರೇಡಿನಲ್ಲಿ ಕೇಳಿದ ರಾಜನ ಹಾಡನ್ನೇ ಮನೆಗೆ ತಂದು ವೀಣೆಯ ಮೇಲೆ ಹುಡುಕಿಕೊಂಡಿದ್ದರೂ ಕೈ ತಿಶ್ರದ ಎಣಿಕೆಯನ್ನೇ ಹಾಕುತ್ತಿತ್ತು. ಕಲಿತ ಕೈಗೆ ಬೇರೆ ಎಣಿಕೆ ಬರುವುದಿಲ್ಲ. ಸಂಸಾರವನ್ನು ದಂಡಿಗೆ ಸ್ಥಳಾಂತರಿಸಿದ ಮೇಲಂತೂ ಈ ಸಾಧ್ಯತೆ ಇನ್ನೂ ಹೆಚ್ಚಾಯಿತು: ತಾತನ ಕಿವಿಗೆ ಬಿದ್ದ ಬ್ಯಾಂಡು ಅಜ್ಜಿಯ ಕಿವಿಗೂ ಬಿದ್ದಿರುತ್ತದೆ. ವಾದಕರು "ನಿಮ್ಮ ಅಜ್ಜಿ ರಾಜನ ಹಾಡನ್ನು ನುಡಿಸಲಿಲ್ಲ" ಎಂದು ಖಚಿತವಾಗಿ ಹೇಳುವುದಕ್ಕೆ ಅವರ ಬಳಿ ಆಧಾರವಿಲ್ಲ.

ಇನ್ನೊಂದು ತೊಡಕು. ಅವರು ಹೇಳುವುದನ್ನು ಮೂಲವೆಂದು ಕರೆಯುವುದು ಸರಿಯೇ? ದೀಕ್ಷಿತರು ಮಟ್ಟನ್ನು ಮಾಡಲಿಲ್ಲ, ತೆಗೆದುಕೊಂಡರು. ಅದನ್ನು ಮೊದಲು ಮಾಡಿದವರು ಯಾರೆಂಬುದು ಇಂಗ್ಲೆಂಡಿನಲ್ಲಿಯೂ ಇತ್ಯರ್ಥವಾಗಿಲ್ಲ.

ರಾಗಮಾಲೆ_ಶಿವಮೊಗ್ಗ:
1744ರ ವಿವರಕ್ಕಾಗಿ ಮೇಷ್ಟ್ರಿಗೆ ಧನ್ಯವಾದಗಳು. ಆದರೂ ಸಂದೇಹಿಯವರ ಮಾತನ್ನು ನಾನು ಒಪ್ಪಲಾರೆ. ಮಾತನ್ನು ಕೊಟ್ಟವರೇ ನಮ್ಮ ಪಾಲಿಗೆ ಆ ರಚನೆಯ ಮೂಲ. ಆಕೆಯ ಅಜ್ಜಿಗೆ ಅದು ದೀಕ್ಷಿತರಿಂದಲೇ ಬಂದದ್ದು.

ಸಂದೇಹಿ:
ಅಜ್ಜಿಗೆ ಮಾತೇ ಗೊತ್ತಿರಲಿಲ್ಲ ಎಂದು ಕಥೆಗಾರರೇ ಹೇಳಿದ್ದಾರೆ. ಮಾತಿಲ್ಲದೆ ಕೈಸೇರಿದ ಮಟ್ಟಿಗೆ ಮಾತು ಕೊಟ್ಟವರನ್ನು ಮೂಲವೆನ್ನುವುದು ಹೇಗೆ?

ವೀಣೆಯ ಮೇಷ್ಟ್ರು:
ಸಂದೇಹಿಯವರ ಮೊದಲ ಆಕ್ಷೇಪ ನ್ಯಾಯವಾದದ್ದು. ಬೆರಳು ಕಲಿಕೆಯನ್ನು ತೋರಿಸುತ್ತದೆ, ರಚನೆಯನ್ನಲ್ಲ. ಸಮನಾಗಿ ಇಟ್ಟ "ನಿ ಸ ರಿ"ಯನ್ನು ಅದಕ್ಕೆ ಸೇರಿಸಿದರೆ ಬಲ ಸ್ವಲ್ಪ ಹೆಚ್ಚುತ್ತದೆ, ಏಕೆಂದರೆ ಬ್ಯಾಂಡನ್ನು ಕೇಳಿ ಹುಡುಕಿಕೊಂಡವರ ಕಿವಿಯಲ್ಲಿ ಆ ಎಳೆದ ನಿಷಾದ ಉಳಿದಿರುತ್ತಿತ್ತು. ಎರಡೂ ಸುಳಿವು ಒಟ್ಟಿಗಿದ್ದಾಗ ಪಾಠದಿಂದ ಬಂದಿತೆಂದು ಹೇಳುವುದು ಹೆಚ್ಚು ಸಂಭವನೀಯ. ಖಚಿತವೆನ್ನಲಾರೆ.

ಹೊಂಗೆನೆರಳು:
ಎಲ್ಲರ ಮಾತುಗಳನ್ನೂ ಇಟ್ಟುಕೊಂಡು ಆ ಭಾಗವನ್ನು ಹೀಗೆ ತಿದ್ದಿದ್ದೇನೆ.

ಆಕೆಯ ಎರಡನೆಯ ಸ್ವರಕ್ಕೆ ವಾದಕರು ತಲೆಯೆತ್ತಲಿಲ್ಲ, ಆರನೆಯದಕ್ಕೂ ಎತ್ತಲಿಲ್ಲ. ಒಂಬತ್ತನೆಯದು ಮೇಲಕ್ಕೆ ಜಾರದೆ ಮಧ್ಯಮದಲ್ಲಿ ನಿಂತಾಗ ಕ್ಲಾರಿನೆಟ್ಟನ್ನು ತೊಡೆಯ ಮೇಲೆ ಇಳಿಸಿದರು. ಕೈಚೀಲದ ಮೇಲೆ ಆಕೆಯ ಬಲಗೈ ಒಮ್ಮೆ ತಟ್ಟಿ, ಕಿರುಬೆರಳನ್ನೂ ಉಂಗುರಬೆರಳನ್ನೂ ಮಡಚಿ, ಮತ್ತೆ ತಟ್ಟುತ್ತಿತ್ತು. ಮೊದಲ ಭಾಗ ಆರು ಆವರ್ತಕ್ಕೆ ಮುಗಿದ ಕೂಡಲೇ ವಾದಕರು ಆಕೆಗಿಂತ ಅರೆಗಳಿಗೆ ಮೊದಲೇ ಪಂಚಮವನ್ನು ಊದಿದರು. ಆಕೆ ಬೆಚ್ಚಿ ತಿರುಗಿದರು.

ತಾತನ ಸಂಗತಿಯನ್ನು ಆಕೆ ಹೇಳಿ ಮುಗಿಸಿದ ಮೇಲೆ ಅವರು ಹೇಳುವ ಮಾತು ಈಗ ಹೀಗಿದೆ: "ಬ್ಯಾಂಡಿನವರು ನುಡಿಸುತ್ತಿದ್ದದ್ದೂ ಇದೇ ತಾಯಿ, ನಿಮ್ಮ ತಾತ ತಪ್ಪು ಕೇಳಿಸಿಕೊಳ್ಳಲಿಲ್ಲ. ಆದರೆ ನಿಮ್ಮ ಕೈ ಎಣಿಸುತ್ತಿರುವುದು ಪಾಠದ ಎಣಿಕೆ. ನಿಮ್ಮ ಅಜ್ಜಿಗೆ ಇದನ್ನು ಹೇಳಿಕೊಟ್ಟ ಗುರುಗಳ ಪುಸ್ತಕದಲ್ಲಿ ಇದಕ್ಕೆ ದೀಕ್ಷಿತರ ಸಾಹಿತ್ಯ ಇದ್ದೇ ಇರುತ್ತದೆ."

ನ್ಯೂಜೆರ್ಸಿ ಕನ್ನಡತಿ:
"ತಾತ ತಪ್ಪು ಕೇಳಿಸಿಕೊಳ್ಳಲಿಲ್ಲ" ಎಂಬ ಮಾತು ನನಗೆ ಬಹಳ ಹಿಡಿಸಿತು. ಮೊದಲ ಕರಡಿನಲ್ಲಿ ತಾತ ಒಬ್ಬ ತಿಳಿಯದ ಮನುಷ್ಯನಾಗಿ ಉಳಿದಿದ್ದರು.

ಸಂದೇಹಿ:
ಹಿಂದಿನದಕ್ಕಿಂತ ಇದು ಎಷ್ಟೋ ಮೇಲು. "ಇದ್ದೇ ಇರುತ್ತದೆ" ಎಂಬುದನ್ನು "ಇದ್ದಿರಬೇಕು" ಎಂದು ಮಾಡಿ. ಅವರು ಆ ಪುಸ್ತಕವನ್ನು ನೋಡಿಲ್ಲ.

ಹೊಂಗೆನೆರಳು:
ನಿಮ್ಮ ತರ್ಕ ಸರಿಯಾದರೂ ಅದನ್ನು ಬದಲಿಸಲು ಮನಸ್ಸಾಗುತ್ತಿಲ್ಲ. ಅವರು ಒಂದು ಮನೆಯ ಎಪ್ಪತ್ತು ಎಂಬತ್ತು ವರ್ಷಗಳ ಬೇಸರದ ಎದುರು ಮಾತನಾಡುತ್ತಿದ್ದಾರೆ. ಅಲ್ಲಿ "ಇದ್ದಿರಬೇಕು" ಎಂದರೆ ಆಕೆ ಅದನ್ನು ಮನೆಗೆ ಒಯ್ದು ಯಾರಿಗೂ ಹೇಳಲಾರರು. ಮೇಷ್ಟ್ರೂ ಸಂಭವನೀಯವೆಂದೇ ಹೇಳಿದ್ದಾರೆ. ವಾದಕರು ತಮ್ಮ ಅಜ್ಜನ ಪಾಠದ ಮೇಲಿನ ನಂಬಿಕೆಯಿಂದ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ ಎಂದು ಓದುಗರು ತಿಳಿಯಲಿ.

ವೀಣೆಯ ಮೇಷ್ಟ್ರು:
ನಾನಾಗಿದ್ದರೆ "ಇದ್ದಿರಬೇಕು" ಎನ್ನುತ್ತಿದ್ದೆ. ಆದರೆ ನಾನು ಬ್ಯಾಂಡ್‌ಸೆಟ್ಟಿನವನಲ್ಲ, ಕಥೆ ನಿಮ್ಮದು. "ಅರೆಗಳಿಗೆ ಮೊದಲೇ" ಎಂಬುದನ್ನು ಮಾತ್ರ ತೆಗೆಯಿರಿ. ಆರನೆಯ ಆವರ್ತದ ಮೂರು ಎಣಿಕೆಯೂ ತುಂಬಿದ ಮೇಲೆಯೇ ಪಂಚಮ ಬರಬೇಕು, ಬಲ್ಲ ವಾದಕರು ಅಲ್ಲಿ ಅವಸರ ಮಾಡುವುದಿಲ್ಲ.